ಶಾಲೆಯ ಅಥ್ಲೆಟಿಕ್ಸ್ ತಂಡಕ್ಕೆ ವಾರದ ತರಬೇತಿ ಹಾಳೆ ಬರೆಯುವುದು ಹೇಗೆ?

ಪ್ರಶ್ನೆ: ನಾನು ಹೈಸ್ಕೂಲಿಗೆ ಹೊಸದಾಗಿ ಬಂದಿರೋ ದೈಹಿಕ ಶಿಕ್ಷಕಿ. ತಾಲ್ಲೂಕು ಕ್ರೀಡಾಕೂಟಕ್ಕೆ ತಂಡ ತಯಾರು ಮಾಡ್ತಿದ್ದೀನಿ. ವಾರದ ಪ್ಲಾನ್ ಬರೆದು ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಮಕ್ಕಳಿಗೂ ಸರಿಯಾಗಿ ಅರ್ಥ ಆಗ್ಲಿಲ್ಲ, ಪೋಷಕರು ದಿನಾ ಫೋನ್ ಮಾಡ್ತಾರೆ. ಹೇಗೆ ಬರೆಯಬೇಕು?

ಉತ್ತರ:

ಮೇಡಂ, ನೀವು ಗ್ರೂಪಿಗೆ ಹಾಕಿದ್ದು ಬಹುಶಃ ನಿಮ್ಮದೇ ನೋಟ್‌ಬುಕ್ಕಿನ ಪ್ಲಾನ್ ಇರಬೇಕು. ಅದು ಕೋಚ್‌ಗೆ ಬೇಕಾದ್ದು. ಮನೆಗೆ ಹೋಗುವ ಹಾಳೆ ಬೇರೆಯೇ ಆಗಬೇಕು, ಯಾಕಂದ್ರೆ ಪೋಷಕರು ಕೇಳುವ ಪ್ರಶ್ನೆಗಳು ಬೇರೆ. ಮಗಳು ಮನೆಗೆ ಎಷ್ಟು ಗಂಟೆಗೆ ಬರ್ತಾಳೆ, ಏನು ತಿನ್ನಿಸಿ ಕಳಿಸಬೇಕು, ಶೂ ಕೊಡಿಸಬೇಕಾ, ಜ್ವರ ಬಂದರೆ ಏನು ಮಾಡೋದು. ಇಷ್ಟಕ್ಕೆ ಹಾಳೆಯಲ್ಲೇ ಉತ್ತರ ಇದ್ದರೆ ಫೋನು ತಾನಾಗೇ ಕಡಿಮೆ ಆಗುತ್ತೆ. ನಾನೂ ಹಳ್ಳಿ ಹೈಸ್ಕೂಲಿನಲ್ಲೇ ದೈಹಿಕ ಶಿಕ್ಷಕ. ನಾನು ಬರೆಯುವ ರೀತಿ ಹೇಳ್ತೀನಿ.

ಮೊದಲು ವಾರದ ಆಕಾರ ಗಟ್ಟಿ ಮಾಡಿಕೊಳ್ಳಿ. 13ರಿಂದ 15 ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಗಟ್ಟಿ ದಿನ ಸಾಕು, ಆ ಎರಡರ ನಡುವೆ 48 ಗಂಟೆ ಬಿಡುವಿರಬೇಕು. ನನ್ನ ಹಾಳೆಯಲ್ಲಿ ಸೋಮವಾರ ಹಗುರ, ಮಂಗಳವಾರ ಗಟ್ಟಿ, ಬುಧವಾರ ರಜೆ, ಗುರುವಾರ ಗಟ್ಟಿ, ಶುಕ್ರವಾರ ರಿಲೇ ಬೇಟನ್ ಮತ್ತು ಎಸೆತ, ಶನಿವಾರ ಬೆಳಿಗ್ಗೆ ನಿಧಾನದ ಓಟ, ಭಾನುವಾರ ಪೂರ್ತಿ ರಜೆ. ಹಗುರ, ಮಧ್ಯಮ, ಗಟ್ಟಿ ಅಂತ ಮೂರೇ ಪದ ಬಳಸಿ. "ಶೇ. 70ರ ವೇಗ" ಅಂತ ಬರೆದರೆ ಎಂಟನೇ ಕ್ಲಾಸಿನ ಹುಡುಗನಿಗೆ ಏನೂ ತಿಳಿಯಲ್ಲ. ಅದರ ಬದಲು ಹಾಳೆಯ ಮೇಲೆಯೇ ಹೀಗೆ ಬರೆಯಿರಿ: ಹಗುರ ಅಂದ್ರೆ ಓಡುತ್ತಾ ಪಕ್ಕದವರ ಜೊತೆ ಪೂರ್ತಿ ಮಾತಾಡಲು ಆಗಬೇಕು. ಮಧ್ಯಮ ಅಂದ್ರೆ ನಾಲ್ಕೈದು ಪದ ಹೇಳಿ ಉಸಿರು ತಗೋಬೇಕಾಗುತ್ತೆ. ಗಟ್ಟಿ ಅಂದ್ರೆ ಮಾತು ಬರಲ್ಲ. ಇದನ್ನು ಮಕ್ಕಳು ಓಡ್ತಾ ಓಡ್ತಾ ತಾವೇ ನೋಡ್ಕೋತಾರೆ, ಗಡಿಯಾರ ಬೇಕಿಲ್ಲ.

ಈಗ ಒಂದು ದಿನ ಪೂರ್ತಿ ತೋರಿಸ್ತೀನಿ. 800 ಮೀಟರ್ ಓಡುವವರ ಮಂಗಳವಾರ ಹಾಳೆಯಲ್ಲಿ ಹೀಗಿರುತ್ತೆ:

> ಮಂಗಳವಾರ. ಗಟ್ಟಿ ದಿನ.
> ಸಂಜೆ 4:30ಕ್ಕೆ ಶುರು, 5:45ಕ್ಕೆ ಗೇಟಿನಿಂದ ಬಿಡುತ್ತೇವೆ.
> ಮೊದಲು ಎರಡು ಸುತ್ತು ನಿಧಾನ ಓಟ, ಆಮೇಲೆ ಕಾಲು ಸಡಿಲ ಮಾಡುವ ವ್ಯಾಯಾಮ 10 ನಿಮಿಷ.
> ಮುಖ್ಯ ಕೆಲಸ: ಒಂದು ಸುತ್ತು (200 ಮೀಟರ್) ನಿನ್ನ ಸುತ್ತಿನ ಟೈಮಿನಲ್ಲಿ ಓಡು. 2 ನಿಮಿಷ ನಡೆ. ಹೀಗೆ 4 ಸಲ.
> ಕೊನೆಗೆ ಒಂದು ಸುತ್ತು ನಡಿಗೆ.
> ತರಬೇಕಾದ್ದು: 1 ಲೀಟರ್ ನೀರು, ಒಂದು ಬಾಳೆಹಣ್ಣು ಅಥವಾ ಕಡಲೆ ಮಿಠಾಯಿ (4 ಗಂಟೆಗೆ ತಿನ್ನಲು).
> ಯಾಕೆ: 800 ಮೀಟರಿನ ವೇಗ ಕಾಲಿಗೆ ಅಭ್ಯಾಸ ಆಗಲಿ ಅಂತ.

"ನಿನ್ನ ಸುತ್ತಿನ ಟೈಮ್" ಅನ್ನೋದೇ ಇಲ್ಲಿ ಮುಖ್ಯ. ತಂಡದಲ್ಲಿ ಎಲ್ಲರ ವೇಗ ಒಂದೇ ಇರಲ್ಲ, ಹಾಗಂತ ಪ್ರತಿ ಮಗುವಿಗೂ ಬೇರೆ ಹಾಳೆ ಬರೆಯಲಿಕ್ಕೆ ಆಗಲ್ಲ. ಅದಕ್ಕೆ ಮೊದಲ ವಾರ ಎಲ್ಲರನ್ನೂ ಒಂದು ಸಲ 800 ಮೀಟರ್ ಓಡಿಸಿ ಟೈಮ್ ತಗೊಳ್ಳಿ, ನಾಲ್ಕರಿಂದ ಭಾಗಿಸಿ. ಒಬ್ಬ ಹುಡುಗಿ 2 ನಿಮಿಷ 48 ಸೆಕೆಂಡಿನಲ್ಲಿ ಮುಗಿಸಿದಳು ಅಂದ್ಕೊಳ್ಳಿ. ಒಟ್ಟು 168 ಸೆಕೆಂಡ್, ಅವಳ ಸುತ್ತಿನ ಟೈಮ್ 42. ಇನ್ನೊಬ್ಬ 3 ನಿಮಿಷ 12 ಸೆಕೆಂಡ್ ತಗೊಂಡರೆ ಅವನದು 48. ಈ ಸಂಖ್ಯೆಯನ್ನು ಅವರವರ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಸಿ. ಗ್ರೂಪಿಗೆ ಹಾಕಬೇಡಿ. ಹಾಳೆ ಎಲ್ಲರಿಗೂ ಒಂದೇ, ಸಂಖ್ಯೆ ಮಾತ್ರ ಅವರವರದ್ದು. "ಅವನ ಮಗ ಮುಂದೆ, ನನ್ನ ಮಗ ಹಿಂದೆ" ಅನ್ನೋ ಹೋಲಿಕೆಗೂ ಜಾಗ ಇರಲ್ಲ.

ಮೊದಲ ವಾರ 4 ಸಲ, ಮುಂದಿನ ವಾರ 5, ಆಮೇಲೆ 6. ನಾಲ್ಕನೇ ವಾರ ಮತ್ತೆ 4ಕ್ಕೆ ಇಳಿಸಿ, ದೇಹಕ್ಕೆ ಸುಧಾರಿಸಿಕೊಳ್ಳಲು ಅದು ಬೇಕು. ಸರಿಯಾಗಿ ಆಗ್ತಿದೆಯಾ ಅಂತ ತಿಳಿಯೋದು ಸುತ್ತುಗಳ ಟೈಮ್ ನೋಡಿ. 42, 42, 43, 42 ಬಂದರೆ ಚೆನ್ನಾಗಿದೆ. 37, 40, 44, 47 ಬಂದರೆ ಹುಡುಗಿ ಮೊದಲ ಸುತ್ತಿನಲ್ಲೇ ಎಲ್ಲಾ ಖರ್ಚು ಮಾಡಿದ್ದಾಳೆ, ಕೂಟದಲ್ಲೂ ಮೂರನೇ ಸುತ್ತಿಗೆ ಕಾಲು ಭಾರ ಆಗುತ್ತೆ. ಹಾಳೆಯಲ್ಲೇ ಒಂದು ಸಾಲು ಹಾಕಿ: "ನಿನ್ನ ಟೈಮಿಗಿಂತ 3 ಸೆಕೆಂಡಿಗಿಂತ ಜಾಸ್ತಿ ನಿಧಾನ ಆದರೆ ಅಲ್ಲಿಗೇ ನಿಲ್ಲಿಸು." ಮಕ್ಕಳು ಹಠಕ್ಕೆ ಬಿದ್ದು ಮುಗಿಸ್ತಾರೆ. ನಿಲ್ಲಿಸಬಹುದು ಅಂತ ಬರೆದಿದ್ದರೆ ನಿಲ್ಲಿಸ್ತಾರೆ.

ಇದಕ್ಕೆಲ್ಲ ಮುಂಚೆ ನಿಮ್ಮ ಮೈದಾನದ ಸುತ್ತು ನಿಜವಾಗಿ 200 ಮೀಟರ್ ಇದೆಯಾ ಅಂತ ಟೇಪ್ ಹಿಡಿದು ಅಳೆಯಿರಿ. ಒಳಗಿನ ಸುಣ್ಣದ ಗೆರೆಯ ಮೇಲೆ ಅಲ್ಲ, ಅದರಿಂದ 20 ಸೆಂಟಿಮೀಟರ್ ಹೊರಗೆ. ಸುತ್ತು 180 ಮೀಟರ್ ಇದ್ದರೆ ಮೇಲಿನ ಲೆಕ್ಕ ಎಲ್ಲಾ ತಪ್ಪುತ್ತೆ. ಆಗ ಅದೇ ಸುತ್ತಿನ ಉದ್ದಕ್ಕೂ 200 ಮೀಟರ್ ಅಳೆದು ಆರಂಭಕ್ಕೊಂದು, ಮುಗಿಯುವ ಕಡೆಗೊಂದು ಗೂಟ ಹೊಡೆಯಿರಿ.

100 ಮೀಟರ್ ಓಡುವವರ ಸಾಲು ಬೇರೆ. ಅವರ ಗಟ್ಟಿ ದಿನ ಅಂದ್ರೆ 30 ಮೀಟರ್ ಪೂರ್ತಿ ವೇಗದಲ್ಲಿ 5 ಸಲ, ಪ್ರತಿ ಓಟದ ನಂತರ 3 ನಿಮಿಷ ಬಿಡುವು. ಇಲ್ಲೇ ಪೋಷಕರಿಂದ ದೂರು ಬರೋದು. ಸಂಜೆ ಗೇಟಿನ ಹತ್ತಿರ ನಿಂತು ನೋಡಿದವರಿಗೆ ಮಕ್ಕಳು ಸುಮ್ನೆ ನಿಂತಿರೋದೇ ಕಾಣುತ್ತೆ. ಅದಕ್ಕೆ "ಯಾಕೆ" ಅನ್ನೋ ಸಾಲು ಬಿಡಲೇಬೇಡಿ: "ಪೂರ್ತಿ ವೇಗಕ್ಕೆ ಬೇಕಾದ ಶಕ್ತಿ ಸ್ನಾಯುವಿನಲ್ಲಿ ಕೆಲವೇ ಸೆಕೆಂಡಿಗೆ ಆಗುವಷ್ಟು ಇರುತ್ತೆ, ಅದು ಮತ್ತೆ ತುಂಬಲು ಸುಮಾರು 3 ನಿಮಿಷ ಬೇಕು. ಬಿಡುವು ಕಡಿಮೆ ಮಾಡಿದರೆ ವೇಗದ ಅಭ್ಯಾಸ ಆಗುವುದಿಲ್ಲ, ಸುಸ್ತಿನ ಅಭ್ಯಾಸ ಆಗುತ್ತದೆ." ಇಷ್ಟು ಓದಿದರೆ ಅಪ್ಪ ಅಮ್ಮ ಒಪ್ಪುತ್ತಾರೆ.

ಬುಧವಾರದ ರಜೆಗೂ ಇದೇ ತೊಂದರೆ. "ರಜೆ" ಅಂತ ಒಂದೇ ಪದ ಇದ್ದರೆ ಮಗು ಮನೆ ಹತ್ತಿರ ಕಬಡ್ಡಿ ಆಡುತ್ತೆ, ಇಲ್ಲಾ ಅಪ್ಪ "ಇವತ್ತು ನೀನೇ ನಾಲ್ಕು ಸುತ್ತು ಓಡು" ಅಂತಾರೆ. "ಬುಧವಾರ ಓಟ ಇಲ್ಲ. ಮಂಗಳವಾರದ ಕೆಲಸಕ್ಕೆ ಕಾಲು ಇವತ್ತು ಸುಧಾರಿಸಿಕೊಳ್ಳುತ್ತದೆ. ಓದಿಕೊಳ್ಳಿ, ಬೇಗ ಮಲಗಿ" ಅಂತ ಬರೆಯಿರಿ. ಪರೀಕ್ಷೆ ಇರುವ ವಾರ ಗಟ್ಟಿ ದಿನ ಒಂದೇ ಇಡಿ, ಅದನ್ನು ಹಾಳೆಯ ಮೇಲ್ಭಾಗದಲ್ಲೇ ಹೇಳಿ.

ಹಾಳೆಯ ಕೆಳಗಡೆ ಪ್ರತಿ ವಾರವೂ ಬದಲಾಗದ ನಾಲ್ಕೈದು ಸಾಲು ಇರಲಿ. ಅದರಲ್ಲಿ ನೋವಿನದು ತುಂಬಾ ಮುಖ್ಯ. ಎರಡೂ ಕಾಲಿನ ಮಾಂಸಖಂಡ ಸ್ವಲ್ಪ ಹಿಡಿದುಕೊಂಡು, ಓಡ್ತಾ ಓಡ್ತಾ ಸಡಿಲ ಆದರೆ ಅದು ಸಹಜ. ಒಂದೇ ಕಡೆ, ಬೆರಳಿಟ್ಟು ತೋರಿಸುವ ಹಾಗೆ ನೋವಿದ್ದು ಓಡಿದಷ್ಟೂ ಜಾಸ್ತಿ ಆದರೆ, ಇಲ್ಲಾ ಮಗು ಕುಂಟುತ್ತಿದ್ದರೆ, ಆವತ್ತು ಓಟ ಬೇಡ. ಎತ್ತರ ಬೆಳೆಯುತ್ತಿರುವ ಈ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗಿನ ಮೂಳೆ ಉಬ್ಬಿದ ಹಾಗಾಗಿ ಮುಟ್ಟಿದರೆ ನೋಯುವುದು ಸಾಮಾನ್ಯ. ಜಿಗಿತ ಜಾಸ್ತಿ ಮಾಡಿಸಿದರೆ ಅದು ಹೆಚ್ಚಾಗುತ್ತೆ. ಅಂಥ ಮಗುವಿಗೆ ಉದ್ದ ಜಿಗಿತ ನಿಲ್ಲಿಸಿ, ಎರಡು ವಾರದಲ್ಲಿ ಕಡಿಮೆ ಆಗದಿದ್ದರೆ ಡಾಕ್ಟರ ಹತ್ತಿರ ತೋರಿಸಲು ಮನೆಯವರಿಗೆ ಹೇಳಿ. ಎಣ್ಣೆ ಹಾಕಿ ಜೋರಾಗಿ ತಿಕ್ಕಬೇಡಿ ಅಂತಲೂ ಬರೆಯಿರಿ, ನಮ್ಮ ಕಡೆ ಮನೆಯಲ್ಲಿ ಮೊದಲು ಮಾಡೋದೇ ಅದು.

ಇನ್ನೊಂದು ಸಾಲು: "ಮೈ ಸರಿಯಿಲ್ಲದಿದ್ದರೆ 'ಇವತ್ತು ಹಗುರ' ಅಂದರೆ ಸಾಕು, ಕಾರಣ ಕೇಳುವುದಿಲ್ಲ." ಮುಟ್ಟಿನ ದಿನ ಹೆಣ್ಣುಮಕ್ಕಳು ಹೇಳಲಾರದೆ ತಂಡ ಬಿಡೋದು ನೋಡಿದ್ದೀನಿ. ನೀವು ಮೇಡಂ ಆಗಿರೋದರಿಂದ ಅವರಿಗೆ ಇನ್ನೂ ಸುಲಭ. ಜ್ವರ ಇದ್ದರೆ ಮಾತ್ರ ಬರಲೇಬಾರದು. ತಪ್ಪಿಸಿಕೊಂಡ ದಿನದ ಕೆಲಸವನ್ನು ಮರುದಿನ ಸೇರಿಸಿ ಮಾಡುವುದಿಲ್ಲ, ಆ ದಿನ ಹೋಯಿತು ಅಷ್ಟೇ. ಇದನ್ನೂ ಬರೆಯಿರಿ. ಇಲ್ಲದಿದ್ದರೆ ಮಂಗಳವಾರ ಬಾರದ ಹುಡುಗ ಗುರುವಾರ ಎರಡರಷ್ಟು ಓಡಿ ತೊಡೆ ಹಿಡಿಸಿಕೊಳ್ಳುತ್ತಾನೆ.

ಶೂ ವಿಷಯ ಒಂದೇ ಮಾತಲ್ಲಿ ಮುಗಿಸಿ: ಸ್ಕೂಲಿನ ಕ್ಯಾನ್ವಾಸ್ ಶೂ ಸಾಕು, ಹೊಸದು ಕೊಳ್ಳಬೇಕಿಲ್ಲ. ಇದು ಇಲ್ಲದೆ ಕೆಲವು ಮನೆಯವರು ಸಾಲ ಮಾಡಿ ಸ್ಪೈಕ್ಸ್ ತರ್ತಾರೆ. ಮಳೆ ಬಂದರೆ ವರಾಂಡದಲ್ಲಿ ವ್ಯಾಯಾಮ ಮಾಡಿಸಿ 5 ಗಂಟೆಗೆ ಬಿಡುತ್ತೇವೆ ಅಂತ ಹಾಕಿ. ಶನಿವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಡಿ, ಒಂದು ಗಂಟೆ ಮುಂಚೆ ಎರಡು ಇಡ್ಲಿಯೋ ಬಾಳೆಹಣ್ಣೋ ತಿಂದು ಬರಲಿ.

ಶುಕ್ರವಾರ ಗುಂಡು, ಚಕ್ರ, ಜಾವೆಲಿನ್ ಎಸೆಯುವವರ ಸಮಯವನ್ನು ಓಟದವರ ಸಮಯದಿಂದ ಬೇರೆ ಮಾಡಿ, ಹಾಳೆಯಲ್ಲೂ ಹಾಗೇ ತೋರಿಸಿ: 4:30ರಿಂದ 5:05 ಬೇಟನ್, 5:10ರಿಂದ 5:45 ಎಸೆತ, ಆ ಹೊತ್ತಿನಲ್ಲಿ ಮೈದಾನದೊಳಗೆ ಬೇರೆ ಯಾರೂ ಇರುವಂತಿಲ್ಲ. ಎಲ್ಲರೂ ಎಸೆದಾದ ಮೇಲೆ, ನೀವು ಹೇಳಿದ ಮೇಲೆ, ನಡೆದುಕೊಂಡು ಹೋಗಿ ತರಬೇಕು. ತಮ್ಮನನ್ನು ಕರೆದುಕೊಂಡು ಬರುವ ಅಕ್ಕಂದಿರು ಇರ್ತಾರಲ್ವಾ, ಆ ಚಿಕ್ಕ ಮಕ್ಕಳು ಎಲ್ಲಿ ಕೂರಬೇಕು ಅಂತಲೂ ಬರೆದಿಡಿ.

ಕೂಟದ ಹಿಂದಿನ ವಾರದ ಹಾಳೆಗೆ ಸ್ವಲ್ಪ ಜಾಸ್ತಿ ವಿವರಣೆ ಬೇಕು. ಆ ವಾರ ಎಷ್ಟು ಸಲ ಅನ್ನೋದು ಅರ್ಧಕ್ಕೆ ಇಳಿಯುತ್ತೆ, ವೇಗ ಹಾಗೇ ಇರುತ್ತೆ. 42 ಸೆಕೆಂಡಿನ ಹುಡುಗಿ 6ರ ಬದಲು 3 ಸಲ ಓಡ್ತಾಳೆ, ಅದೇ 42ರಲ್ಲಿ. ಕೂಟ ಹತ್ತಿರ ಬಂದಾಗ ಕಡಿಮೆ ಮಾಡಿಸ್ತಿದ್ದಾರಲ್ಲ ಅಂತ ಮನೆಯವರಿಗೆ ಗಾಬರಿ ಆಗುತ್ತೆ, ಮಕ್ಕಳೂ ಕದ್ದು ಬೆಳಗ್ಗೆ ಓಡ್ತಾರೆ. "ಈ ವಾರ ಹೊಸ ಶಕ್ತಿ ಬರುವುದಿಲ್ಲ, ಇರುವ ಸುಸ್ತು ಇಳಿಯುತ್ತದೆ" ಅಂತ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ.

ಕೊನೆಗೆ ಕಳಿಸುವ ವಿಷಯ. ಒಂದೇ ಎ4 ಪುಟ, ದೊಡ್ಡ ಅಕ್ಷರ. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ವರ್ಡ್ ಫೈಲ್ ಕಳಿಸಿದರೆ ಫೋನಿನಲ್ಲಿ ಅರ್ಥವಿಲ್ಲದ ಅಕ್ಷರ ಕಾಣುತ್ತೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಪಿಡಿಎಫ್ ಅಥವಾ ಫೋಟೋ ಮಾಡಿ ಭಾನುವಾರ ಸಂಜೆ ಹಾಕಿ. ಮೂಲೆಯಲ್ಲಿ ವಾರದ ತಾರೀಕು ಇರಲಿ, ಇಲ್ಲಾಂದ್ರೆ ಹಳೇ ಹಾಳೆ ನೋಡಿಕೊಂಡು ಬರ್ತಾರೆ. ಓದಲು ಬಾರದ ಪೋಷಕರಿಗೆ ಅದೇ ಗ್ರೂಪಿನಲ್ಲಿ ಒಂದು ನಿಮಿಷದ ವಾಯ್ಸ್ ಮೆಸೇಜ್ ಹಾಕಿ, ಬಿಡುವ ಸಮಯ ಮತ್ತು ತಿಂಡಿ ಅಷ್ಟನ್ನೇ ಹೇಳಿ. ಕಳಿಸುವ ಮುಂಚೆ ತಂಡದ ಚಿಕ್ಕ ಹುಡುಗನ ಕೈಗೆ ಹಾಳೆ ಕೊಟ್ಟು "ಮಂಗಳವಾರ ನೀನು ಏನು ಮಾಡಬೇಕು, ಹೇಳು" ಅಂತ ಕೇಳಿ. ಅವನು ತಡವರಿಸಿದ ಸಾಲನ್ನು ತಿದ್ದಿ ಬರೆಯಿರಿ.