‘ನಿನಗೆ’ ತೆಗೆದು ‘ನೀನು’ ಹಾಕಿ ನೋಡಿ

“ಮೇಡಂ, ನಮಸ್ಕಾರ. ನಾನು ಗಂಗಾವತಿಯವಳು. ನನ್ನ ಗೆಳತಿ ಬಾಣಂತನಕ್ಕೆ ಕೊಪ್ಪಳದ ತವರುಮನೆಯಲ್ಲಿದ್ದಾಳೆ. ಕೂಸಿಗೆ ಆರು ವಾರ. ಮುಂದಿನ ವಾರ ಅವಳ ಹುಟ್ಟುಹಬ್ಬ. ಅವಳಿಗೆ ಬರೆದ ಶುಭಾಶಯವನ್ನೇ ನಿಮ್ಮ ಪತ್ರಿಕೆಗೂ ಕಳಿಸುತ್ತಿದ್ದೇನೆ. ಓದಿದ ನಮ್ಮಕ್ಕ, ‘ಇದೇನಲೇ, ಯಾರೋ ಸತ್ತಾಗ ಬರದಂಗ ಐತಿ’ ಅಂದಳು. ಎಲ್ಲಿ ತಪ್ಪಿದೆ, ನೇರವಾಗಿ ಹೇಳಿ.”

ನಿಮ್ಮಕ್ಕ ಒಳ್ಳೆಯ ಓದುಗಾರ್ತಿ. ಅವಳು ಒಂದೇ ಮಾತಲ್ಲಿ ಹೇಳಿದ್ದನ್ನು ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಮೊದಲ ಪ್ಯಾರಾದಲ್ಲಿ ಏಳು ವಾಕ್ಯಗಳಿವೆ. ಆರು ವಾಕ್ಯ ‘ನಿನಗೆ’ ಅಂತ ಶುರುವಾಗುತ್ತವೆ. ನಿನಗೆ ನಿದ್ದೆಯಿಲ್ಲ. ನಿನಗೆ ಸುಸ್ತಾಗಿದೆ. ನಿನಗೆ ಒಂದು ಗಳಿಗೆ ಬಿಡುವಿಲ್ಲ. ನಿನಗೆ ಎಷ್ಟು ಕಷ್ಟವಾಗುತ್ತಿದೆಯೋ. ಕನ್ನಡದಲ್ಲಿ ಈ ರೂಪ ಸಲೀಸಾಗಿ ಬಂದುಬಿಡುತ್ತದೆ. ಹಸಿವು, ಜ್ವರ, ದುಃಖ ಎಲ್ಲವೂ ನಮಗೆ ‘ಆಗುತ್ತವೆ’, ನಾವು ಅವನ್ನು ಮಾಡುವುದಿಲ್ಲ. ಒಂದು ವಾಕ್ಯದಲ್ಲಿ ಇದ್ದರೆ ಏನೂ ತೊಂದರೆ ಇಲ್ಲ. ಸಾಲಾಗಿ ಆರು ಬಂದರೆ ನಿಮ್ಮ ಗೆಳತಿ ಸುಮ್ನೆ ಕೂತಿದ್ದಾಳೆ, ಎಲ್ಲ ಅವಳ ಮೇಲೆ ಬಂದು ಬೀಳುತ್ತಿದೆ ಅನ್ನಿಸುತ್ತದೆ. ನೀವು ‘ಪಾಪ’ ಅನ್ನುವ ಪದವನ್ನು ಎಲ್ಲೂ ಬಳಸಿಲ್ಲ, ಹುಷಾರಾಗಿಯೇ ಬರೆದಿದ್ದೀರಿ. ಆದರೂ ‘ಪಾಪ’ ಕೇಳಿಸುತ್ತದೆ ಅಂದರೆ, ಅದು ಬಂದಿರುವುದು ಈ ವ್ಯಾಕರಣದಿಂದ.

ಹಾಗಂತ ಬರೀ ‘ನೀನು’ ಹಾಕಿದರೆ ಸಾಲದು. ಎರಡನೇ ಪ್ಯಾರಾದಲ್ಲಿ ‘ನೀನು ಎಲ್ಲವನ್ನೂ ಸಹಿಸುತ್ತಿದ್ದೀಯ, ನೀನು ಭೂಮಿತಾಯಿ’ ಅಂತ ಬರೆದಿದ್ದೀರಲ್ಲ, ಅದೂ ಕನಿಕರವೇ. ರೇಷ್ಮೆ ಸೀರೆ ಉಡಿಸಿದ್ದೀರಿ, ಅಷ್ಟೇ. ಸಹಿಸುವುದು ಕಣ್ಣಿಗೆ ಕಾಣುವ ಕೆಲಸವಲ್ಲ. ಎದ್ದಳು, ಹಿಡಿದಳು, ಎಣಿಸಿದಳು, ಬೈದಳು, ತಿಂದಳು, ಇವು ಕಾಣುವ ಕೆಲಸಗಳು. ಅಂಥ ಕ್ರಿಯಾಪದ ಬೇಕು.

ಅದು ನಿಮ್ಮ ಬರಹದಲ್ಲೇ ಇದೆ! ಮೂರನೇ ಪುಟದ ಕೆಳಗೆ, ಯಾರಿಗೂ ಕಾಣದ ಹಾಗೆ ಬಿದ್ದಿದೆ. ನೀವು ನೋಡಲು ಹೋದ ದಿನ ಅವಳು ಗೋಡೆಗೆ ಒರಗಿ ಕೂತಿದ್ದಳು. ಬಲಗೈ ಮೇಲೆ ಕೂಸಿನ ತಲೆ. ಈಗಷ್ಟೇ ಕಣ್ಣು ಮುಚ್ಚಿದೆ, ಕೈ ಅಲ್ಲಾಡಿದರೆ ಎದ್ದುಬಿಡುತ್ತದೆ. ಅವರಮ್ಮ ಕೊಟ್ಟ ಮಂಡಾಳ ಒಗ್ಗರಣೆಯನ್ನು ಅವಳು ಎಡಗೈಯಲ್ಲಿ ಚಮಚ ಹಿಡಿದು ತಿನ್ನುತ್ತಿದ್ದಳು. ಒಂದು ಕಾಳೂ ಕೂಸಿನ ಮೇಲೆ ಬೀಳಲಿಲ್ಲ. ಎಡಗೈಯಲ್ಲಿ ತಿಂದರೆ ಕೈಮೇಲೆ ಏಟು ಬೀಳುವ ಮನೆಯಲ್ಲಿ ಬೆಳೆದವಳು ಆರು ವಾರದಲ್ಲಿ ಎಡಗೈಯಲ್ಲಿ ಊಟ ಕಲಿತಿದ್ದಾಳೆ. ನೀವು ಇದನ್ನು ಒಂದೂವರೆ ಸಾಲಲ್ಲಿ ಮುಗಿಸಿ ‘ನೋಡಿ ಕಣ್ಣು ತುಂಬಿತು’ ಅಂತ ಸೇರಿಸಿದ್ದೀರಿ. ಆ ಕಡೆಯ ಮಾತು ಹೊಡೆದುಹಾಕಿ. ನಿಮ್ಮ ಕಣ್ಣೀರು ಬಂದ ಕೂಡಲೇ ಅವಳನ್ನು ಬಿಟ್ಟು ಎಲ್ಲರೂ ನಿಮ್ಮ ಮುಖ ನೋಡುತ್ತಾರೆ.

ಇನ್ನೊಂದು ತೊಡಕು ಕಾಲದ್ದು. ‘ನೀನು ಎಷ್ಟು ನಗುತ್ತಿದ್ದೆ, ಎಷ್ಟು ಚೆಂದ ಜಂಪರ ಹೊಲಿಯುತ್ತಿದ್ದೆ.’ ಅಕ್ಕನಿಗೆ ಸಾವಿನ ವಾಸನೆ ಬಡಿದದ್ದು ಇಲ್ಲೇ ಇರಬೇಕು. ‘-ತ್ತಿದ್ದೆ’ ಅಂದರೆ ಈಗ ಇಲ್ಲ ಅಂತ ಅಲ್ವಾ? ಆದರೆ ಅದೇ ದಿನ ಅವಳು ಕೂಸನ್ನು ಅಲ್ಲಾಡಿಸದೆ, ಪಿಸುಮಾತಲ್ಲಿ, ‘ನಿನ್ನ ಜಂಪರದ ಎಡ ತೋಳು ಅರ್ಧ ಇಂಚು ಗಿಡ್ಡ ಐತಿ’ ಅಂದಳಂತೆ. ರಾತ್ರಿಯೆಲ್ಲ ಎದ್ದಿದ್ದವಳ ಕಣ್ಣು ಅರ್ಧ ಇಂಚು ಹಿಡಿಯಿತು. ಅವಳು ಟೇಲರ್ ಆಗಿದ್ದವಳಲ್ಲ, ಈಗಲೂ ಟೇಲರೇ. ಹುಟ್ಟುಹಬ್ಬ ಆ ಟೇಲರದ್ದು. ಮನೆಗೆ ಬರುವವರೆಲ್ಲ ಬಗ್ಗಿ ನೋಡುವುದು ತೊಟ್ಟಿಲನ್ನು. ನಿಮ್ಮ ನಾಲ್ಕು ಪುಟದಲ್ಲೂ ಕೂಸಿನ ಬಗ್ಗೆಯೇ ಜಾಸ್ತಿ ಇದೆ.

‘ಮೊದಲ ತಿಂಗಳು ಕಳೆಯಿತು, ಇನ್ನೆಲ್ಲ ಹಗುರ’ ಅನ್ನುವ ಸಾಲು ತಪ್ಪು ಮಾಹಿತಿ. ಹೆಚ್ಚಿನ ಕೂಸುಗಳ ಅಳು ಎರಡನೇ ವಾರದಿಂದ ಏರುತ್ತಾ ಆರನೇ ವಾರದ ಸುಮಾರಿಗೆ ಜೋರಾಗುತ್ತದೆ. ಅದರಲ್ಲೂ ಸಂಜೆ ಹೊತ್ತು. ಇಳಿಯುವುದು ಮೂರು ನಾಲ್ಕು ತಿಂಗಳ ಹೊತ್ತಿಗೆ. ಅಂದರೆ ನೀವು ಹಗುರ ಅಂದ ವಾರವೇ ಅವಳಿಗೆ ಎಲ್ಲಕ್ಕಿಂತ ಭಾರದ ವಾರ. ಓದಿ ‘ಇವಳಿಗೇನು ಗೊತ್ತು’ ಅಂದುಕೊಳ್ಳುತ್ತಾಳೆ.

ಉದ್ದದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಈ ವಯಸ್ಸಿನ ಕೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಅವಳು ನಿಮ್ಮ ಮೆಸೇಜು ಓದುವುದು ಅಂಥ ಒಂದು ಹೊತ್ತಲ್ಲಿ, ಒಂದೇ ಕೈಯಲ್ಲಿ. ಬೆರಳಿಂದ ಸರಿಸದೆ ಪರದೆ ಮೇಲೆ ಹಿಡಿಯುವಷ್ಟು ಸಾಕು. ‘ಏನಾದರೂ ಬೇಕಿದ್ದರೆ ಹೇಳು’ ಬೇಡ. ಏನು ಬೇಕು ಅಂತ ಯೋಚಿಸಿ, ಸಂಕೋಚಪಟ್ಟು ಕೇಳುವುದು ಅವಳಿಗೆ ಇನ್ನೊಂದು ಕೆಲಸ. ದಿನ, ಹೊತ್ತು, ಏನು ಮಾಡುತ್ತೀರಿ ಅಂತ ನೀವೇ ಹೇಳಿ. ಮತ್ತೆ ದಯವಿಟ್ಟು ರಾತ್ರಿ ಹನ್ನೆರಡಕ್ಕೆ ಸರಿಯಾಗಿ ಕಳಿಸಬೇಡಿ. ಫೋನ್ ಟಿಂಗ್ ಅಂದು ಕೂಸು ಎದ್ದರೆ ನಿಮ್ಮ ಗೆಳೆತನ ಉಳಿಯುವುದು ಕಷ್ಟ.

ನಿಮ್ಮದೇ ಸರಕಿನಿಂದ ನಾನು ಮಾಡಿದ್ದು ಹೀಗಿದೆ. ಪುಸ್ತಕದ ಕನ್ನಡ ಬಿಟ್ಟು ನೀವಿಬ್ಬರೂ ಆಡುವ ಮಾತಿಗೆ ತಂದಿದ್ದೇನೆ:

“ಹುಟ್ಟಿದ ಹಬ್ಬದ ಶುಭಾಶಯ ಲೇ. ಅವತ್ತು ನೀ ಎಡಗೈಲೆ ಮಂಡಾಳ ತಿಂದಿ, ಒಂದ ಕಾಳೂ ಕೂಸಿನ ಮ್ಯಾಲೆ ಬೀಳಲಿಲ್ಲ. ಅದರಾಗ ನನ್ನ ಜಂಪರದ ಅರ್ಧ ಇಂಚು ಬ್ಯಾರೆ ಹಿಡದಿ. ಶನಿವಾರ ಹನ್ನೊಂದಕ್ಕ ಬರ್ತೀನಿ. ಕೂಸು ನನ್ನ ತೊಡಿ ಮ್ಯಾಲೆ, ನೀ ಒಳಗ ಮಲಗು. ಉತ್ತರ ಬರೀಬ್ಯಾಡ.”

‘ಸುಸ್ತು’ ಅನ್ನುವ ಪದ ಇಲ್ಲ, ನೋಡಿ. ಎಡಗೈ ಅದನ್ನು ಹೇಳಿದೆ. ಹೊಗಳಿಕೆಯೂ ಇಲ್ಲ. ಅರ್ಧ ಇಂಚು ಓದಿ ಅವಳು ನಗಬಹುದು.

ಒಂದು ಸಾಲನ್ನು ಮಾತ್ರ ನಾನು ತಿದ್ದಲು ಹೋಗಿಲ್ಲ. ‘ಕೂಸು ಮಲಗಿದರೂ ನನಗೆ ಕಣ್ಣು ಮುಚ್ಚಲು ಆಗುತ್ತಿಲ್ಲ, ಸುಮ್ನೆ ಅಳು ಬರುತ್ತದೆ’ ಅಂತ ಅವಳು ಹೇಳಿದಳು ಅಂತ ಬರೆದಿದ್ದೀರಿ. ಹೆರಿಗೆಯಾದ ಮೊದಲ ದಿನಗಳಲ್ಲಿ ಅಳು ಬರುವುದು ಸಾಮಾನ್ಯ. ಸಾಧಾರಣವಾಗಿ ಎರಡು ವಾರದೊಳಗೆ ತಾನಾಗಿಯೇ ಹೋಗುತ್ತದೆ. ಆರನೇ ವಾರದಲ್ಲೂ ಇದ್ದರೆ, ಮಲಗಲು ಅವಕಾಶ ಸಿಕ್ಕರೂ ನಿದ್ದೆ ಬಾರದಿದ್ದರೆ, ಅದು ಬರೀ ಸುಸ್ತಲ್ಲದೆಯೂ ಇರಬಹುದು. ಇದಕ್ಕೆ ಶುಭಾಶಯ ಸಾಲದು, ಡಾಕ್ಟರು ಬೇಕು. ಶನಿವಾರದವರೆಗೆ ಕಾಯಬೇಡಿ. ಇವತ್ತೇ ಅವಳ ಜೊತೆ ಮಾತಾಡಿ, ಅವಳು ಒಪ್ಪಿದರೆ ಅವರಮ್ಮನ ಹತ್ತಿರವೂ. ಟೆಲಿ ಮಾನಸ್ ಅಂತ ಸರಕಾರದ ಉಚಿತ ಸಹಾಯವಾಣಿ ಇದೆ, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲಿ ಮಾತಾಡಬಹುದು. ಅವಳೇ ಮಾಡಬೇಕೆಂದಿಲ್ಲ, ಮೊದಲು ನೀವೂ ಮಾಡಿ ಕೇಳಬಹುದು. ತನಗೆ ಅಥವಾ ಕೂಸಿಗೆ ಏನಾದರೂ ಮಾಡಿಬಿಡಬೇಕು ಅನ್ನಿಸುತ್ತಿದೆ ಅಂತ ಅವಳು ಹೇಳಿದರೆ, ಅವಳನ್ನು ಒಬ್ಬಳೇ ಬಿಡದೆ ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪತ್ರಿಕೆ ಮಾತಿಗೆ ಬಂದರೆ, ಸದ್ಯಕ್ಕೆ ಹಾಕುವುದಿಲ್ಲ. ಅವಳು ನಿಮ್ಮೊಬ್ಬಳ ಹತ್ತಿರ ಹೇಳಿಕೊಂಡದ್ದು ಇದರಲ್ಲಿದೆ, ಅವಳನ್ನು ಕೇಳಿದ ಹಾಗೆ ಕಾಣುವುದಿಲ್ಲ. ಮೆಸೇಜು ಮೊದಲು ಅವಳಿಗೆ ಹೋಗಲಿ. ಮುಂದೆ ಯಾವಾಗಲಾದರೂ ಅವಳು ಓದಿ ಹೂಂ ಅಂದರೆ, ಎಡಗೈ ಊಟದ ಆ ಒಂದೂವರೆ ಸಾಲನ್ನು ಎರಡು ಪುಟ ಮಾಡಿ ಕಳಿಸಿ. ಶನಿವಾರ ಹೋಗುವಾಗ ಅದೇ ಜಂಪರ ಹಾಕಿಕೊಂಡು ಹೋಗಿ, ತೋಳು ಮಾತ್ರ ಬೇರೆ ಯಾರ ಹತ್ತಿರವೂ ಸರಿ ಮಾಡಿಸಬೇಡಿ.