ಟ್ರಾಜೊಡೋನ್ ಮತ್ತು ರಾತ್ರಿ ತಲೆಸುತ್ತು

“ರಾಯಚೂರಿಂದ. ಅಪ್ಪಾಜಿಗೆ ನಿದ್ದೆಗೆ ಟ್ರಾಜೊಡೋನ್ 50 ಕೊಟ್ಟಾರ. ರಾತ್ರಿ ಎದ್ದರೆ ಕಣ್ಣಿಗೆ ಕತ್ತಲೆ ಬರ್ತದ. ಮೊಣಕಾಲು ನೋವಿಗೆ ಟ್ರಮಡಾಲ್ ಕೊಡಬಹುದಾ?”

ಎದ್ದ ಕೂಡ್ಲೇ ಬಿಪಿ ಇಳೀತಿರಬೇಕು. ಎದ್ದಾಗ ರಕ್ತನಾಳ ಬಿಗಿಯಾಗಬೇಕು, ಸಣ್ಣ ಡೋಸಲ್ಲೂ ಟ್ರಾಜೊಡೋನ್ ಅದನ್ನ ತಡೀತದ. ಅಳೆಯದೆ ಖಾತ್ರಿ ಹೇಳಾಕ ಆಗಲ್ಲ. ಐದು ನಿಮಿಷ ಮಲಗಿಸಿ ಬಿಪಿ ನೋಡ್ರಿ, ನಿಂತ ಮೇಲೆ 1 ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡ್ರಿ. ಮೇಲಿನ ಅಂಕಿ 20 ಇಳಿದ್ರೆ ಡಾಕ್ಟರಿಗೆ ತೋರಿಸ್ರಿ, ಬಿಪಿ ಅಥವಾ ಪ್ರಾಸ್ಟೇಟ್ ಮಾತ್ರೆ ನಡೆದಿದ್ರೆ ಅದನ್ನೂ ಹೇಳ್ರಿ. ಅಲ್ಲಿತನಕ ಮಂಚದ ಅಂಚಿಗೆ ಎರಡು ನಿಮಿಷ ಕುಂತು ಏಳಲಿ. ನಮ್ಮ ಬಿಸಿಲಿಗೆ ನೀರು ಕಮ್ಮಿ ಕುಡಿದ್ರೂ ಇದು ಜಾಸ್ತಿ ಆಗ್ತದ.

ಟ್ರಮಡಾಲ್ ಮಾತ್ರ ಡಾಕ್ಟರನ್ನ ಕೇಳದೆ ಬೇಡ. ಎರಡೂ ಸೇರಿ ಮೈಯೊಳಗಿನ ಸೆರೊಟೋನಿನ್ ಅನ್ನೋ ರಾಸಾಯನಿಕ ಅತಿಯಾಗಬಹುದು. ಈಗಾಗ್ಲೇ ನುಂಗಿದ್ದು, ಕೈ ನಡುಕ, ಬೆವರು, ಭೇದಿ, ಚಡಪಡಿಕೆ, ಜ್ವರ ಕಂಡ್ರೆ ಬೆಳಗಾಗೋತನಕ ಕಾಯಬೇಡ್ರಿ, ಮಾತ್ರೆ ಪಟ್ಟಿ ಹಿಡಿದು ತುರ್ತು ವಿಭಾಗಕ್ಕೆ ಹೋಗ್ರಿ.