ಅರ್ಧ ಮುಖ ಇರುವ ಅಂಚನ್ನು ಬಿಟ್ಟು ಫೋಟೋ ಹಿಗ್ಗಿಸುವುದು

"1994ರ ನಮ್ಮ ತಾತನ ಷಷ್ಟ್ಯಬ್ದಿ ಫೋಟೋ, 6x4 ಪ್ರಿಂಟ್. ತಾತನ ಪೇಟ ಮೇಲಿನ ಅಂಚಿಗೆ ತಾಗಿದೆ, ಎಡಗಡೆ ಚಿಕ್ಕಮ್ಮನ ಮುಖ ಅರ್ಧ ಕಟ್ ಆಗಿದೆ. 10x8 ಮಾಡಿ ಫ್ರೇಮ್ ಹಾಕಿಸಬೇಕು. ಜನರೇಟಿವ್ ಫಿಲ್ ಹಾಕಿದೆ, ಚಿಕ್ಕಮ್ಮನ ಜಾಗದಲ್ಲಿ ಯಾರೋ ಬೇರೆ ಹೆಂಗಸು ಬಂದರು. ಸರಿ ಮಾಡೋದು ಹೇಗೆ?"

ಮೊದಲು ಒಂದು ಲೆಕ್ಕ ನೋಡಿ. ನಿಮ್ಮ ಎಡಗಡೆಯ ತೊಂದರೆ ಅರ್ಧ ಅಲ್ಲೇ ಕಳೆಯುತ್ತದೆ. 6x4 ಪ್ರಿಂಟನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿದರೆ ಅಗಲ 3600 ಪಿಕ್ಸೆಲ್, ಎತ್ತರ 2400. ಅದೇ ಅಗಲಕ್ಕೆ 10x8 ಆಗಬೇಕಾದರೆ ಎತ್ತರ 2880 ಬೇಕು. ಅಂದರೆ ಬೇಕಿರುವುದು ಎತ್ತರದಲ್ಲಿ 480 ಪಿಕ್ಸೆಲ್ ಮಾತ್ರ. ಎಡಕ್ಕೆ, ಬಲಕ್ಕೆ ಒಂದು ಪಿಕ್ಸೆಲ್ ಕೂಡ ಬೇಡ. ಹಾಗಿದ್ದಮೇಲೆ ಚಿಕ್ಕಮ್ಮ ಇರುವ ಅಂಚನ್ನು ಮುಟ್ಟುವುದೇ ಬೇಡ ಅಲ್ವಾ?

ಜನರೇಟಿವ್ ಫಿಲ್ ಅಂದರೆ ಫೋಟೋಶಾಪ್‌ನಲ್ಲಿ ಖಾಲಿ ಜಾಗವನ್ನು ಎಐನಿಂದ ತುಂಬಿಸುವ ಟೂಲ್, ಮುಖದ ಉಳಿದರ್ಧವನ್ನು ಅದು ಎಲ್ಲಿಂದಲೂ ಹುಡುಕಿ ತರುವುದಿಲ್ಲ. ಪಕ್ಕದಲ್ಲಿ ಕಾಣುವ ಬಣ್ಣ, ಬೆಳಕು ನೋಡಿಕೊಂಡು ಒಂದು ಮುಖ ಕಟ್ಟುತ್ತದೆ, ಅಷ್ಟೇ. ನಿಮ್ಮ ಚಿಕ್ಕಮ್ಮ ಹೇಗಿದ್ದರು ಅನ್ನುವುದು ಅದಕ್ಕೆ ಗೊತ್ತಿಲ್ಲ. ಈ ಥ್ರೆಡ್‌ನಲ್ಲಿ ನಿಮಗೆ ಉತ್ತರ ಕೊಟ್ಟ ಒಬ್ಬರು "ಪ್ರಾಂಪ್ಟ್ ಖಾಲಿ ಬಿಟ್ಟರೆ ಮುಖ ಬರೋದೇ ಇಲ್ಲ" ಅಂದಿದ್ದಾರೆ. ಅದು ಅರ್ಧ ನಿಜ. ಗೋಡೆ, ನೆಲ, ಆಕಾಶ ಮುಂದುವರಿಸಲು ಖಾಲಿ ಬಿಡುವುದೇ ಒಳ್ಳೆಯದು, ನಾನೂ ಹಾಗೇ ಮಾಡುತ್ತೇನೆ. ಆದರೆ ಅಂಚಿನಲ್ಲಿ ಅರ್ಧ ಮುಖವೋ ಭುಜವೋ ಇದ್ದರೆ, ಖಾಲಿ ಬಿಟ್ಟರೂ ಅದು ಅಲ್ಲೊಬ್ಬ ಮನುಷ್ಯನನ್ನು ಪೂರ್ತಿ ಮಾಡಲು ಹೋಗುತ್ತದೆ. ನಿಮಗೆ ಆಗಿದ್ದು ಅದೇ.

ಈಗ ಮೇಲಿನ ಭಾಗಕ್ಕೆ ಬರೋಣ. ಫೋಟೋಶಾಪ್‌ನಲ್ಲಿ ಸ್ಕ್ಯಾನ್ ತೆರೆದು, ಲೇಯರ್ ಅನ್‌ಲಾಕ್ ಮಾಡಿ, `Ctrl+J` ಒತ್ತಿ ಒಂದು ಪ್ರತಿ ಮಾಡಿಕೊಳ್ಳಿ. ಈ ಪ್ರತಿಯನ್ನು ಮುಟ್ಟದೆ ಇಟ್ಟುಕೊಳ್ಳಿ, ಕೊನೆಯಲ್ಲಿ ಎಲ್ಲದರ ಮೇಲೆ ಬರಬೇಕಾದದ್ದು ಇದೇ. ಫೋಟೋ ಸ್ಟುಡಿಯೋ ಇಟ್ಟಿರುವ ಒಬ್ಬ ಸರ್ ಇದೇ ಥ್ರೆಡ್‌ನಲ್ಲಿ ಹೇಳಿದ್ದೂ ಇದನ್ನೇ, ತುಂಬ ಮುಖ್ಯವಾದ ಮಾತು ಅದು. ಆಮೇಲೆ `Image > Canvas Size`ಗೆ ಹೋಗಿ ಎತ್ತರ 2880 ಪಿಕ್ಸೆಲ್ ಮಾಡಿ. `Anchor`, ಅಂದರೆ ಹಳೆ ಚಿತ್ರ ಯಾವ ಅಂಚಿಗೆ ಅಂಟಿ ನಿಲ್ಲಬೇಕು ಅನ್ನುವುದನ್ನು, ನಿಮ್ಮ ಫೋಟೋ ನೋಡಿ ತೀರ್ಮಾನಿಸಬೇಕು. ಕೆಳಗೆ ಸೀರೆಯ ನೆರಿಗೆ, ಕಾಲು ಕಟ್ ಆಗಿದ್ದರೆ ಅಲ್ಲಿ ಹಿಗ್ಗಿಸಬೇಡಿ, ಬೆರಳುಗಳು ಕೆಡುತ್ತವೆ. ಪೂರಾ 480 ಅನ್ನೂ ಮೇಲೆ ಗೋಡೆಗೇ ಕೊಡಿ.

ಸೆಲೆಕ್ಷನ್ ಹಾಕುವಾಗ ಖಾಲಿ ಜಾಗದ ಜೊತೆ ಹಳೆ ಚಿತ್ರದ 20-30 ಪಿಕ್ಸೆಲ್ ಸೇರಿಸಬೇಕು, ಇಲ್ಲದಿದ್ದರೆ ಬೆಸುಗೆ ಗೆರೆ ಕಾಣುತ್ತದೆ. ಎಡವಟ್ಟು ಆಗುವುದೂ ಇಲ್ಲೇ. ಆ 20-30 ಪಿಕ್ಸೆಲ್ ಒಳಗೆ ಏನಿದೆಯೋ ಅದನ್ನೂ ಟೂಲ್ ಹೊಸದಾಗಿ ಬರೆಯುತ್ತದೆ. ಗೋಡೆಯಾದರೆ ಪರವಾಗಿಲ್ಲ. ಕಿವಿ, ಕೂದಲು, ಹಣೆ ಬಂದರೆ ಬದಲಾಗಿಬಿಡುತ್ತದೆ, ಅದೂ ನೋಡಿದ ತಕ್ಷಣ ಗೊತ್ತಾಗದಷ್ಟು ಸ್ವಲ್ಪ. ಮೊದಲ ಸಲ ನಾನು ಅಮ್ಮನ ಒಂದು ಫೋಟೋ ಹಿಗ್ಗಿಸಿದಾಗ ಸೆಲೆಕ್ಷನ್ ಸ್ವಲ್ಪ ಜಾಸ್ತಿ ಒಳಗೆ ಹೋಗಿ ಕಿವಿಗೆ ತಾಗಿತ್ತು. ನನಗೆ ಏನೂ ಕಾಣಲಿಲ್ಲ, ಪ್ರಿಂಟ್ ಹಾಕಿಸಿ ತಂದೆ. ಅಮ್ಮ ಕೈಗೆ ತಗೊಂಡು "ಇದು ನನ್ನ ಓಲೆ ಅಲ್ಲ" ಅಂದರು. ಏಳು ಕಲ್ಲಿನ ಓಲೆ, ಅವರ ಅಮ್ಮ ಕೊಟ್ಟಿದ್ದು. ಆ ಜಾಗದಲ್ಲಿ ಹೊಳೆಯುವ ಒಂದು ಗುಂಡು ಮಾತ್ರ ಇತ್ತು. ಕಿವಿಯ ಹಾಲೆ ಕೂಡ ಕೆನ್ನೆಗೆ ಅಂಟಿಕೊಂಡಂತೆ ಆಗಿತ್ತು. ಅವತ್ತಿನಿಂದ ಮುಖದ ಹತ್ತಿರ ಸೆಲೆಕ್ಷನ್ ಬಂದರೆ `Alt` ಹಿಡಿದು ಲ್ಯಾಸೋದಿಂದ ಆ ಭಾಗ ಕಳೆದೇ ಮುಂದೆ ಹೋಗುತ್ತೇನೆ.

ತಾತನ ಪೇಟದ ಹತ್ತಿರವೂ ಹಾಗೇ ಮಾಡಿ. ಪೇಟ ಅಂಚಿಗೆ ತಾಗಿದೆ ಅಷ್ಟೇ ಅಂದರೆ ಸುಲಭ. ತುದಿ ಸ್ವಲ್ಪ ಕಟ್ ಆಗಿದ್ದರೆ ಟೂಲ್ ಅದನ್ನು ಪೂರ್ತಿ ಮಾಡುತ್ತದೆ, ಬಟ್ಟೆಯಾದ್ದರಿಂದ ಗುರುತು ಕೆಡುವುದಿಲ್ಲ, ಆದರೆ ಪೇಟ ಎತ್ತರ ಮಾಡಿಬಿಡುವ ಚಾಳಿ ಅದಕ್ಕಿದೆ. ಬರುವ 3 ಮಾದರಿಗಳಲ್ಲಿ ಸುತ್ತು ಎಲ್ಲಿ ಬೇಗ ಮುಗಿಯುತ್ತದೋ ಅದನ್ನು ಆರಿಸಿ. ಜರಿ ಗೆರೆ ನೇರ ಬಂದಿದೆಯಾ ಅಂತಲೂ ನೋಡಿ.

ಇನ್ನೊಂದು ವಿಷಯ, 3600 ಅಗಲದ ಪಟ್ಟಿಯನ್ನು ಒಂದೇ ಸಲ ತುಂಬಿಸಬೇಡಿ. ಮೊದಮೊದಲ ಆವೃತ್ತಿಗಳಲ್ಲಿ ಒಂದು ಸಲಕ್ಕೆ ತಯಾರಾಗುತ್ತಿದ್ದದ್ದು 1024 ಪಿಕ್ಸೆಲ್ ಉದ್ದ ಮಾತ್ರ, ಅದಕ್ಕಿಂತ ದೊಡ್ಡ ಜಾಗವಾದರೆ ಅದನ್ನೇ ಹಿಗ್ಗಿಸಿ ಕೂರಿಸುತ್ತಿತ್ತು, ಹಾಗಾಗಿ ಹೊಸ ಗೋಡೆ ಮಸುಕಾಗಿ ಬರುತ್ತಿತ್ತು. ಈಗ ಸುಧಾರಿಸಿದೆ, ಆದರೂ ನಾನು ನಾಲ್ಕೈದು ತುಂಡು ಮಾಡಿಯೇ ತುಂಬಿಸುತ್ತೇನೆ, ಪೇಟ ಇರುವ ತುಂಡು ಬೇರೆಯೇ. ಅದೊಂದು ಹಾಳಾದರೆ ಅದನ್ನು ಮಾತ್ರ ಮತ್ತೆ ಮಾಡಬಹುದು.

ಎಲ್ಲ ತುಂಬಿದ ಮೇಲೆ ಮೂಲದ ಪ್ರತಿಯನ್ನು ಎಳೆದು ಮೇಲಕ್ಕೆ ತನ್ನಿ. ಅದಕ್ಕೆ ಒಂದು ಮಾಸ್ಕ್ ಹಾಕಿ, ಮೆತ್ತನೆ ಕಪ್ಪು ಬ್ರಷ್‌ನಿಂದ ಮೇಲಂಚನ್ನು ಗೋಡೆ ಇರುವ ಕಡೆ ಮಾತ್ರ ಸವರಿ. ಮುಖಗಳೆಲ್ಲ ಹಳೆ ಸ್ಕ್ಯಾನ್‌ನವೇ ಆಗಿ ಉಳಿಯುತ್ತವೆ. ಹೊಸ ಗೋಡೆ ಹಳೆಯದಕ್ಕಿಂತ ನುಣ್ಣಗೆ ಕಾಣುತ್ತದೆ, ಪ್ರಿಂಟಿನ ಕಾಳು ಅದರಲ್ಲಿ ಇರುವುದಿಲ್ಲವಲ್ಲ. ಹೊಸ ಗೋಡೆಯ ಲೇಯರ್‌ಗೆ `Filter > Noise > Add Noise`ನಲ್ಲಿ 2ರಿಂದ 4 ಪರ್ಸೆಂಟ್ ಕೊಟ್ಟು, 100% ಜೂಮ್‌ನಲ್ಲಿ ಹಳೆ ಗೋಡೆ ಪಕ್ಕ ಇಟ್ಟು ಹೋಲಿಸಿ.

ಪ್ರಿಂಟಿಗೆ ಕಳಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಮುಗಿದ ಚಿತ್ರದ ಮೇಲೆ ಮೂಲ ಸ್ಕ್ಯಾನನ್ನು ಅದೇ ಜಾಗಕ್ಕೆ ಸರಿಯಾಗಿ ಕೂರಿಸಿ, ಬ್ಲೆಂಡಿಂಗ್ ಮೋಡನ್ನು `Difference` ಮಾಡಿ. ಏನೂ ಬದಲಾಗದ ಕಡೆ ಪೂರ್ತಿ ಕಪ್ಪು. ಯಾವುದಾದರೂ ಮುಖದಲ್ಲಿ ಬೂದು ಕಲೆ ಕಂಡರೆ ಅಲ್ಲಿ ಕೈ ಬಿದ್ದಿದೆ ಅಂತ ಅರ್ಥ. ಕಣ್ಣಿಗೆ ಕಾಣದಿದ್ದರೆ ಮೇಲೆ ಒಂದು `Levels` ಹಾಕಿ ಬಿಳಿ ಗುಂಡಿಯನ್ನು ಎಡಕ್ಕೆ ಎಳೆಯಿರಿ, ಆಗ ಎದ್ದು ಕಾಣುತ್ತದೆ. ಕೆಲವು ಮೊಬೈಲ್ ಆ್ಯಪ್‌ಗಳು ಅಂಚು ಹಿಗ್ಗಿಸುತ್ತೇವೆ ಅಂತ ಹೇಳಿ ಇಡೀ ಫೋಟೋವನ್ನೇ ಮತ್ತೆ ಬರೆದುಬಿಡುತ್ತವೆ. ಅಂಥದ್ದರಲ್ಲಿ ಈ ಪರೀಕ್ಷೆ ಮಾಡಿದರೆ ಎಲ್ಲರ ಮುಖದಲ್ಲೂ ಕಲೆ ಕಾಣುತ್ತದೆ. ಅಂಥ ಪ್ರತಿ ಇಟ್ಟುಕೊಳ್ಳಬೇಡಿ.

ಇನ್ನು ಫ್ರೇಮ್ ವಿಷಯ. ಫ್ರೇಮಿನ ಪಟ್ಟಿ ಫೋಟೋದ ಸುತ್ತ ಸುಮಾರು ಅರ್ಧ ಸೆಂಟಿಮೀಟರ್ ನುಂಗುತ್ತದೆ. ಎಡಗಡೆ ಇರುವ ಚಿಕ್ಕಮ್ಮನ ಅರ್ಧ ಮುಖದಲ್ಲಿ ಇನ್ನಷ್ಟು ಹೋಗುತ್ತದೆ. ಅದಕ್ಕೆ 10x8 ಚಿತ್ರದ ಸುತ್ತ ಒಂದೊಂದು ಇಂಚು ಬಿಳಿ ಬಿಟ್ಟು 12x10 ಪ್ರಿಂಟ್ ಹಾಕಿಸಿ, 12x10 ಫ್ರೇಮ್ ತಗೊಳ್ಳಿ. ಪಟ್ಟಿ ಬಿಳಿಯ ಮೇಲೆ ಕೂರುತ್ತದೆ.

 

ಚಿಕ್ಕಮ್ಮನ ಮುಖ ಪೂರ್ತಿ ಬೇಕೇ ಬೇಕು ಅಂದರೆ, ಬೇರೆ ಫೋಟೋದಿಂದ ಅವರ ಮುಖ ತಂದು ಕೂರಿಸಬಹುದು ಅನ್ನುತ್ತಾರೆ ಸ್ಟುಡಿಯೋ ಸರ್. ಅವರ ಕೈಯಲ್ಲಿ ಅದು ಚೆನ್ನಾಗಿಯೇ ಬರುತ್ತದೆ, ನೋಡಿದ್ದೇನೆ. ನನಗೆ ಮಾತ್ರ ಮನಸ್ಸು ಒಪ್ಪುವುದಿಲ್ಲ, ಆ ಕ್ಷಣದಲ್ಲಿ ಅವರು ಎತ್ತ ನೋಡುತ್ತಿದ್ದರೋ ಯಾರಿಗೆ ಗೊತ್ತು. ಇದನ್ನು ನಿಮ್ಮ ಮನೆಯವರೇ ಕೂತು ತೀರ್ಮಾನ ಮಾಡಬೇಕು, ಚಿಕ್ಕಮ್ಮ ಇದ್ದರೆ ಮೊದಲು ಅವರನ್ನೇ ಕೇಳಿ. ಅದೇ ದಿನ, ಅದೇ ಸೀರೆಯಲ್ಲಿ ತೆಗೆದ ಇನ್ನೊಂದು ಫೋಟೋ ಆಲ್ಬಮ್‌ನಲ್ಲಿ ಇದೆಯಾ? ನೆಗೆಟಿವ್ ಸಿಕ್ಕರೆ ಇನ್ನೂ ಒಳ್ಳೆಯದು. ಲ್ಯಾಬ್‌ನಲ್ಲಿ ಪ್ರಿಂಟ್ ಹಾಕುವಾಗ ಅಂಚು ಸ್ವಲ್ಪ ಕತ್ತರಿಸಿ ಹೋಗುತ್ತಿತ್ತು. ಅವರ ಮುಖದ ಇನ್ನೊಂದಿಷ್ಟು ಅಲ್ಲೇ ಇರಬಹುದು, ಹುಡುಕಿ ನೋಡಿ ಹೇಳಿ.